ಮಗುವಿನ ಮೈನಸ್ ಪವರ್ ಏರುತ್ತಿದ್ದರೆ: ಬಯಲಿನ ಬೆಳಕೋ, ಅಟ್ರೋಪಿನ್ ಹನಿಯೋ?

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ನಮ್ಮ ಕ್ಲಿನಿಕ್‌ಗೆ ಬರುವ ತಂದೆತಾಯಿಯರಲ್ಲಿ ಹೆಚ್ಚಿನವರ ಕೈಯಲ್ಲಿ ಎರಡು ಚೀಟಿಗಳಿರುತ್ತವೆ. ಒಂದು ಹೋದ ವರ್ಷದ ಕನ್ನಡಕದ್ದು, ಇನ್ನೊಂದು ಈಚಿನದು. ಎರಡರ ನಡುವೆ ಮಗುವಿನ ಮೈನಸ್ ಪವರ್ ಅರ್ಧವೋ ಮುಕ್ಕಾಲೋ ಏರಿರುತ್ತದೆ. ಒಬ್ಬ ವೈದ್ಯರು ದಿನಕ್ಕೆ ಎರಡು ಗಂಟೆ ಹೊರಗೆ ಆಡಿಸಿ ಎಂದಿರುತ್ತಾರೆ, ಇನ್ನೊಬ್ಬರು ರಾತ್ರಿ ಮಲಗುವಾಗ ಹಾಕಲು ಅಟ್ರೋಪಿನ್ ಹನಿ ಬರೆದಿರುತ್ತಾರೆ, ಕನ್ನಡಕದ ಅಂಗಡಿಯವರು ಪವರ್ ಏರದಂತೆ ತಡೆಯುವ ದುಬಾರಿ ಗಾಜನ್ನು ತೋರಿಸಿರುತ್ತಾರೆ. ‘ಇವುಗಳಲ್ಲಿ ಯಾವುದನ್ನು ಮಾಡೋಣ, ಮೇಡಂ?’ ಎಂಬುದು ಅವರ ಪ್ರಶ್ನೆ. ಆಪ್ಟೋಮೆಟ್ರಿಸ್ಟ್ ಆಗಿ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿಸಿಕೊಂಡಿರುವ ನನಗೆ ಅನ್ನಿಸುವುದೇನೆಂದರೆ, ಬಯಲಿನ ಬೆಳಕು ಮುಖ್ಯವಾಗಿ ಸಮೀಪದೃಷ್ಟಿ, ಎಂದರೆ ಈ ಮೈನಸ್, ಬರುವುದನ್ನು ಮುಂದೂಡುತ್ತದೆ, ಹನಿ ಮುಖ್ಯವಾಗಿ ಬಂದದ್ದು ಏರುವ ವೇಗವನ್ನು ತಗ್ಗಿಸುತ್ತದೆ. ಆದ್ದರಿಂದ ಮಗು ಯಾವ ಹಂತದಲ್ಲಿದೆ ಎಂದು ತಿಳಿಯದೆ ಇವೆರಡನ್ನು ತೂಗುವುದರಲ್ಲಿ ಅರ್ಥವಿಲ್ಲ.

ಹಂತ ತಿಳಿಯಲು ಮೊದಲು ಸರಿಯಾದ ಅಳತೆ ಬೇಕು. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕಾಗಿರುವುದರಿಂದ, ಕಂಪ್ಯೂಟರ್ ಯಂತ್ರದ ಮುಂದೆ ಸುಮ್ಮನೆ ಕೂರಿಸಿ ತೆಗೆದ ಪವರ್ ಇರುವುದಕ್ಕಿಂತ ಹೆಚ್ಚು ಮೈನಸ್ ತೋರಿಸುವುದುಂಟು. ಆ ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಗೊಳಿಸುವ ಸೈಕ್ಲೋಪೆಂಟೊಲೇಟ್ ಅಥವಾ ಹೋಮಾಟ್ರೋಪಿನ್ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ನೋಡಿದ ಪವರ್ ಮಾತ್ರ ನಂಬಬಹುದಾದದ್ದು. ಹೋದ ಸಲ ಹನಿ ಹಾಕದೆ, ಈ ಸಲ ಹನಿ ಹಾಕಿ ನೋಡಿದ ಎರಡು ಚೀಟಿಗಳನ್ನು ಹೋಲಿಸಿ ‘ಇಳಿದಿದೆ’ ಅಥವಾ ‘ಏರಿದೆ’ ಎಂದು ಹೇಳುವುದು ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕದಲ್ಲಿ ಹೇಳಿದಂತೆ. ಒಂದೇ ವಿಧಾನದಲ್ಲಿ ಅಳೆದರೂ ಪವರಿನಲ್ಲಿ ಕಾಲು ಡಯಾಪ್ಟರ್‌ನಷ್ಟು ಹೆಚ್ಚುಕಡಿಮೆ ಸಹಜ. ಇದಕ್ಕಿಂತ ಖಚಿತವಾದದ್ದು ಕಣ್ಣುಗುಡ್ಡೆಯ ಉದ್ದ. ಸಮೀಪದೃಷ್ಟಿಯಲ್ಲಿ ಆಗುವುದು ಅದೇ: ಗುಡ್ಡೆ ಮುಂದಿನಿಂದ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದ ಬೆಳೆದು, ದೂರದ ಬಿಂಬ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಒಂದು ಮಿಲಿಮೀಟರ್ ಹೆಚ್ಚುವರಿ ಉದ್ದವೆಂದರೆ ಸುಮಾರು ಎರಡೂವರೆ ಡಯಾಪ್ಟರ್ ಮೈನಸ್. ಬೆಳಕಿನ ಕಿರಣದಿಂದ, ಕಣ್ಣು ಮುಟ್ಟದೆ, ಈ ಉದ್ದವನ್ನು ಅಳೆಯುವ ಯಂತ್ರ ಈಗ ದೊಡ್ಡ ಊರುಗಳ ಕಣ್ಣಾಸ್ಪತ್ರೆಗಳಲ್ಲಿ ಸಿಗುತ್ತದೆ. ಉದ್ದವಾದ ಗುಡ್ಡೆ ಮತ್ತೆ ಗಿಡ್ಡವಾಗಿ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಪವರ್ ‘ಇಳಿಸುವ’ ಭರವಸೆ ಕೊಡುವವರ ಮಾತನ್ನು ಇಲ್ಲಿಯೇ ಬದಿಗಿಡಬಹುದು.

ಹೋಲಿಕೆಗೆ ನಾನು ನಾಲ್ಕು ಅಳತೆಗೋಲುಗಳನ್ನು ಇಟ್ಟುಕೊಳ್ಳುತ್ತೇನೆ. ಸಮೀಪದೃಷ್ಟಿ ಬಂದಿದೆಯೇ, ಇನ್ನೂ ಬರುವುದರಲ್ಲಿದೆಯೇ ಎಂಬುದು ಮೊದಲನೆಯದು. ಮಗುವಿನ ವಯಸ್ಸು ಮತ್ತು ಏರಿಕೆಯ ವೇಗ ಎರಡನೆಯದು. ಏಳು ವರ್ಷಕ್ಕೇ ಮೈನಸ್ ಬಂದ ಮಗುವಿಗೆ ಏರುವುದಕ್ಕೆ ಮುಂದೆ ಎಷ್ಟೋ ವರ್ಷಗಳಿರುತ್ತವೆ, ಹದಿನಾಲ್ಕಕ್ಕೆ ಬಂದವನಿಗೆ ಅಷ್ಟಿರುವುದಿಲ್ಲ. ಮೂರನೆಯದು ಮಗುವಿಗೆ ಆಗುವ ತೊಂದರೆ ಮತ್ತು ಮನೆಗೆ ಬೀಳುವ ಖರ್ಚು. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ಆರಿಸಿಕೊಂಡದ್ದನ್ನು ಎರಡು ಮೂರು ವರ್ಷ ಬಿಡದೆ ನಡೆಸಲು ಆ ಮನೆಗೆ ಸಾಧ್ಯವೇ? ಇಷ್ಟೆಲ್ಲ ಪ್ರಯಾಸ ಕನ್ನಡಕ ತಪ್ಪಿಸುವುದಕ್ಕಲ್ಲ. ಮೈನಸ್ ಆರು ದಾಟಿದ ಕಣ್ಣುಗಳಲ್ಲಿ ದೊಡ್ಡವರಾದ ಮೇಲೆ ರೆಟಿನಾ ಕಳಚುವ, ರೆಟಿನಾದ ನಡುಭಾಗ ಸವೆಯುವ, ಗ್ಲಾಕೋಮಾ ಬರುವ ಅಪಾಯ ಹೆಚ್ಚು. ಮೈನಸ್ ಮೂರರಲ್ಲಿ ನಿಂತ ಕಣ್ಣಿಗೆ ಆ ಅಪಾಯ ಬಹಳ ಕಡಿಮೆ.

ಬಯಲಿನ ಬೆಳಕು

ಈ ವಿಷಯದಲ್ಲಿ ನಾನು ಹೆಚ್ಚು ನೆಚ್ಚುವ ಅಧ್ಯಯನ ಚೀನಾದ ಗ್ವಾಂಗ್‌ಝೌ ನಗರದ್ದು, 2015ರಲ್ಲಿ ಪ್ರಕಟವಾದದ್ದು. ಹನ್ನೆರಡು ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅರ್ಧ ಶಾಲೆಗಳ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿದಿನ 40 ನಿಮಿಷದ ಹೊರಾಂಗಣದ ತರಗತಿಯೊಂದನ್ನು ಹೆಚ್ಚಿಗೆ ಸೇರಿಸಿದರು. ಮೂರು ವರ್ಷಗಳ ಕೊನೆಗೆ ಹೊರಗೆ ಹೋದ ಮಕ್ಕಳಲ್ಲಿ ಶೇಕಡಾ 30.4ರಷ್ಟು, ಉಳಿದವರಲ್ಲಿ ಶೇಕಡಾ 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಎಂದರೆ ನೂರು ಮಕ್ಕಳಲ್ಲಿ ಒಂಬತ್ತು ಮಕ್ಕಳು ಆ ಅವಧಿಯಲ್ಲಿ ಕನ್ನಡಕದಿಂದ ಪಾರಾದರು. ಇದನ್ನು ಅಲ್ಪವೆನ್ನಬೇಕಿಲ್ಲ, ಪವಾಡವೆನ್ನಲೂ ಬಾರದು. ಹೊರಗೆ ಆಡಿದವರಲ್ಲೂ ಮೂವತ್ತು ಮಕ್ಕಳಿಗೆ ಬಂದೇ ಬಂದಿತು. ಗುಡ್ಡೆಯ ಉದ್ದದ ಬೆಳವಣಿಗೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಇದರ ಜೊತೆಗೆ ಹೇಳಬೇಕು. ಮುಂದೆ 2018ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನದಲ್ಲಿ, ವಾರಕ್ಕೆ ಹನ್ನೊಂದು ಗಂಟೆ ಹೊರಗಿರುವಂತೆ ಮಕ್ಕಳನ್ನು ಪ್ರೋತ್ಸಾಹಿಸಿದಾಗ ಈಗಾಗಲೇ ಮೈನಸ್ ಇದ್ದವರಲ್ಲೂ ಏರಿಕೆ ತುಸು ನಿಧಾನವಾಯಿತು. ಆದರೂ ಬಂದ ಮೇಲಿನ ಫಲ ಬರುವ ಮುಂಚಿನದರಷ್ಟು ಗಟ್ಟಿಯಾಗಿ ಕಂಡಿಲ್ಲ.

ಕೆಲಸ ಮಾಡುವುದು ಆಟವೋ ಬೆಳಕೋ ಎಂದರೆ, ಬಹುಮಟ್ಟಿಗೆ ಬೆಳಕು. ಪ್ರಖರ ಬೆಳಕಿನಲ್ಲಿ ರೆಟಿನಾ ಹೆಚ್ಚು ಡೋಪಮಿನ್ ಬಿಡುಗಡೆ ಮಾಡುತ್ತದೆ, ಅದು ಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಂದ ವಿವರಣೆ. ತರಗತಿಯ ಕೋಣೆಯೊಳಗೆ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಹೊಂಗೆ ಮರದ ನೆರಳಿನಲ್ಲಿ ಸಾವಿರಾರು ಲಕ್ಸ್, ನೆತ್ತಿಯ ಬಿಸಿಲಿನಲ್ಲಿ ಒಂದು ಲಕ್ಷದವರೆಗೂ. ತೈವಾನಿನ ಅಧ್ಯಯನ ಸಾವಿರ ಲಕ್ಸ್‌ನ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆದ್ದರಿಂದ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮಗುವನ್ನು ಬೇಯಿಸಬೇಕಾಗಿಲ್ಲ, ನೆರಳು ಸಾಕು, ಟೋಪಿ ಹಾಕಬಹುದು. ಮಲೆನಾಡಿನ ಮೋಡದ ದಿನವೂ ವ್ಯರ್ಥವಲ್ಲ. ಆದರೆ ಸಂಜೆ ಆರೂವರೆಯ ಮೇಲೆ ಅಪಾರ್ಟ್‌ಮೆಂಟಿನ ದೀಪದಡಿ ಆಡುವ ಕ್ರಿಕೆಟ್ಟು, ಒಳಾಂಗಣದ ಶಟಲ್ ಕೋರ್ಟು, ಮುಚ್ಚಿದ ಸಭಾಂಗಣದ ಭರತನಾಟ್ಯದ ಕ್ಲಾಸು ಇವು ಮೈಗೆ ಒಳ್ಳೆಯವಾದರೂ ಈ ಲೆಕ್ಕಕ್ಕೆ ಬರುವುದಿಲ್ಲ. ‘ನಮ್ಮ ಹುಡುಗ ದಿನಾ ಎರಡು ಗಂಟೆ ಆಡುತ್ತಾನೆ’ ಎನ್ನುವವರನ್ನು ನಾನು ಯಾವಾಗ, ಎಲ್ಲಿ ಎಂದು ಕೇಳಿದಾಗ ಎಷ್ಟೋ ಸಲ ಆ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿದಿದೆ.

ಖರ್ಚಿಲ್ಲ, ಅಡ್ಡ ಪರಿಣಾಮವಿಲ್ಲ, ಆದರೆ ಸಮಯ ಬೇಕು. ಟ್ಯೂಷನ್, ಶಾಲಾ ಬಸ್ಸು, ಹೋಂವರ್ಕುಗಳ ನಡುವೆ ಹಗಲಿನ ಎರಡು ಗಂಟೆ ಹೊಂದಿಸುವುದು ಬಾಟಲಿ ಹನಿ ಕೊಳ್ಳುವುದಕ್ಕಿಂತ ಕಷ್ಟವೆಂದು ತಾಯಂದಿರು ಹೇಳಿದಾಗ ನನಗೆ ಎದುರು ಮಾತು ಹೊಳೆಯುವುದಿಲ್ಲ. ತೈವಾನ್ ಸರ್ಕಾರ 2010ರಿಂದ ದಿನಕ್ಕೆ 120 ನಿಮಿಷದ ಹೊರಾಂಗಣವನ್ನು ಶಾಲೆಗಳ ಮೂಲಕವೇ ನಡೆಸಲು ಹೊರಟದ್ದರ ಹಿಂದಿನ ವಿವೇಕ ಇದೇ. ಎಲ್ಲವನ್ನೂ ಮನೆಯ ತಲೆಗೆ ಕಟ್ಟಿದರೆ ಆಗುವ ಕೆಲಸವಲ್ಲ.

ಅಟ್ರೋಪಿನ್ ಹನಿ

ನಮ್ಮ ಬೇಲಿ ಬದಿಯ ದತ್ತೂರಿಯಲ್ಲಿರುವ ವಿಷವಸ್ತುಗಳ ಬಳಗಕ್ಕೇ ಸೇರಿದ್ದು ಅಟ್ರೋಪಿನ್. ಶೇಕಡಾ 1ರ ಅಟ್ರೋಪಿನ್ ಏರಿಕೆಯನ್ನು ಚೆನ್ನಾಗಿಯೇ ತಡೆಯುತ್ತದೆಂದು ಸಿಂಗಪುರದ ಅಧ್ಯಯನ 2006ರಲ್ಲಿ ತೋರಿಸಿತು. ಆದರೆ ಪಾಪೆ ಅರಳಿ ಬೆಳಕು ಚುಚ್ಚುವುದು, ಹತ್ತಿರದ ಅಕ್ಷರ ಮಂಜಾಗುವುದು, ನಿಲ್ಲಿಸಿದ ಕೂಡಲೇ ಪವರ್ ಮತ್ತೆ ಜಿಗಿಯುವುದು ಇವುಗಳಿಂದ ಅದು ಶಾಲೆಗೆ ಹೋಗುವ ಮಗುವಿಗೆ ಹೇಳಿಸಿದ್ದಲ್ಲ. ಹೀಗಾಗಿ ಅದೇ ಸಿಂಗಪುರದವರು ಮುಂದಿನ ಅಧ್ಯಯನದಲ್ಲಿ ನೂರು ಪಟ್ಟು ತೆಳುವಾದ 0.01%ವರೆಗೂ ಇಳಿದು ನೋಡಿದರು. ತೊಂದರೆ ಬಹಳ ಕಡಿಮೆ, ನಿಲ್ಲಿಸಿದ ಮೇಲಿನ ಜಿಗಿತವೂ ಕಡಿಮೆ ಎಂದು 0.01% ಎಲ್ಲೆಡೆ ಹಬ್ಬಿತು. ಆದರೆ ಆ ಅಧ್ಯಯನದಲ್ಲಿ ಬರಿಯ ಹನಿ, ಎಂದರೆ ಔಷಧಿಯಿಲ್ಲದ ಹನಿ ಹಾಕಿದ ಗುಂಪು ಇರಲಿಲ್ಲ. ಈ ಕೊರತೆ ತುಂಬಿದ್ದು ಹಾಂಗ್‌ಕಾಂಗ್‌ನ ಅಧ್ಯಯನ, 2019ರಲ್ಲಿ.

ಅಲ್ಲಿ 4ರಿಂದ 12 ವರ್ಷದ 438 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ವರ್ಷದಲ್ಲಿ ಬರಿಯ ಹನಿಯ ಗುಂಪಿನ ಪವರ್ ಸರಾಸರಿ 0.81 ಡಯಾಪ್ಟರ್ ಏರಿತು, 0.01% ಹಾಕಿದವರದು 0.59, 0.025% ಹಾಕಿದವರದು 0.46, 0.05% ಹಾಕಿದವರದು 0.27. ಸಾಂದ್ರತೆ ಏರಿದಂತೆ ಫಲವೂ ಏರಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಅಧ್ಯಯನ ಇದು. 0.01% ಬಗ್ಗೆ ಮಾತ್ರ ಊರೂರಿಗೆ ಬೇರೆ ಬೇರೆ ಉತ್ತರ ಬಂದಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ಹಾಕಿದ ಭಾರತೀಯ ಮಕ್ಕಳ ಪವರ್ ವರ್ಷಕ್ಕೆ 0.16, ಹಾಕದವರದು 0.35 ಏರಿತು; 2023ರಲ್ಲಿ ಬಂದ ಅಮೆರಿಕದ ಎರಡು ವರ್ಷದ ಅಧ್ಯಯನದಲ್ಲಿ ಅದೇ 0.01% ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ದೆಹಲಿಯ ಅಧ್ಯಯನದಲ್ಲಿ ಹನಿ ಹಾಕದ ಮಕ್ಕಳ ಏರಿಕೆಯೂ ಹಾಂಗ್‌ಕಾಂಗ್‌ನವರ ಅರ್ಧಕ್ಕಿಂತ ಕಡಿಮೆ ಇದ್ದುದನ್ನು ಗಮನಿಸಿ. ನಿಧಾನವಾಗಿ ಏರುವ ಮಗುವಿಗೆ 0.01% ಸಾಕಾಗಬಹುದು, ಓಡುತ್ತಿರುವ ಪವರ್‌ಗೆ ಅದು ಸಾಲದು ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ವಯಸ್ಸಿನ ಲೆಕ್ಕವೂ ಇಲ್ಲಿ ಬರುತ್ತದೆ. ಹಾಂಗ್‌ಕಾಂಗ್‌ನ ಮಾಹಿತಿಯನ್ನೇ ವಯಸ್ಸಿನಂತೆ ವಿಂಗಡಿಸಿದಾಗ, ಆರು ವರ್ಷದ ಮಗುವಿಗೆ 0.05%ರಿಂದ ಸಿಗುವ ಹಿಡಿತವೇ ಎಂಟು ವರ್ಷದ ಮಗುವಿಗೆ 0.025%ರಿಂದ, ಹತ್ತು ವರ್ಷದ ಮಗುವಿಗೆ 0.01%ರಿಂದ ಸಿಕ್ಕಿತು. ಚಿಕ್ಕ ಮಗುವಿಗೆ ಚಿಕ್ಕ ಪ್ರಮಾಣ ಎಂಬ ನಮ್ಮ ಸಹಜ ತರ್ಕಕ್ಕೆ ಇದು ತಿರುಗುಮುರುಗು. ಇದಕ್ಕೆ ತೆರಬೇಕಾದ ಬೆಲೆಯೆಂದರೆ 0.05%ರಲ್ಲಿ ಪಾಪೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಕೆಲವು ಮಕ್ಕಳಿಗೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಬೇಕಾಗುತ್ತದೆ. ಹತ್ತಿರದ ಓದಿಗೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಕಣ್ಣು ತುರಿಕೆ, ಕೆಂಪಾಗುವುದು ಯಾವ ಸಾಂದ್ರತೆಯಲ್ಲಾದರೂ ಕೆಲವರಿಗೆ ಆಗಬಹುದು.

ಹನಿಯ ಖರ್ಚು ತಿಂಗಳಿಗೊಂದು ಬಾಟಲಿಯದು. ಐದು ಮಿಲಿಲೀಟರಿನಲ್ಲಿ ಸುಮಾರು ನೂರು ಹನಿಗಳಿದ್ದು, ಎರಡು ಕಣ್ಣಿಗೆ ದಿನಕ್ಕೆ ಎರಡರಂತೆ ತಿಂಗಳಾದರೂ ಮುಗಿಯುವುದಿಲ್ಲ. ಆದರೂ ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗೆ ಎಸೆಯಬೇಕು, ಉಳಿದದ್ದೆಂದು ಇಟ್ಟುಕೊಳ್ಳಬಾರದು. ಬಾಟಲಿಗಿಂತ ಆರು ತಿಂಗಳಿಗೊಮ್ಮೆಯ ಪರೀಕ್ಷೆ, ಪ್ರಯಾಣ, ಒಂದು ದಿನದ ಕೂಲಿ ಅಥವಾ ರಜೆ ಇವೇ ಹಲವರಿಗೆ ಭಾರ. ಔಷಧದ ಅಂಗಡಿಗಳಲ್ಲಿ 0.01% ಸುಲಭವಾಗಿ ಸಿಗುತ್ತದೆ. ಬೇರೆ ಸಾಂದ್ರತೆಗಳನ್ನು ವಿಚಾರಿಸಿ ತರಿಸಬೇಕಾಗಬಹುದು.

ಬಾಟಲಿಯ ಮೇಲಿನ ಸಂಖ್ಯೆಯ ಬಗ್ಗೆ ಒಂದು ಮಾತು. ಒಂದು ವರ್ಷ ಒಬ್ಬ ತಾಯಿ ಒಂಬತ್ತರ ಹುಡುಗನನ್ನು ಕರೆತಂದರು. ಮೂರು ದಿನದಿಂದ ಅವನು ಪುಸ್ತಕವನ್ನು ತೋಳಿನ ದೂರಕ್ಕೆ ಹಿಡಿದು ಓದುತ್ತಿದ್ದ, ಅಂಗಳಕ್ಕೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಿಟಕಿಯ ಬಳಿ ನಿಲ್ಲಿಸಿ ನೋಡಿದರೆ ಎರಡೂ ಪಾಪೆಗಳು ಅರಳಿ ನಿಂತಿವೆ, ಟಾರ್ಚ್ ಬಿಟ್ಟರೂ ಕುಗ್ಗಲೊಲ್ಲವು. ಚೀಲದಿಂದ ಬಾಟಲಿ ತೆಗೆಸಿದೆ. ಚೀಟಿಯಲ್ಲಿದ್ದದ್ದು 0.01%, ಅಂಗಡಿಯಲ್ಲಿ ಕೊಟ್ಟದ್ದು 1%. ಹೆಸರು ಒಂದೇ, ಬಾಟಲಿಯ ಗಾತ್ರ ಒಂದೇ. ನಿಲ್ಲಿಸಿದ ಮೇಲೂ ಅವನ ಓದು ಸರಿಯಾಗಲು ವಾರ ದಾಟಿತು. ಹೊಸ ಬಾಟಲಿ ತೆರೆದ ಮಾರನೆಯ ಬೆಳಿಗ್ಗೆ ಮಗುವಿನ ಪಾಪೆಯನ್ನು ಬೆಳಕಿನಲ್ಲಿ ನೋಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ. 1%ರ ಬಾಟಲಿಯನ್ನು ಮನೆಯಲ್ಲಿ ನೀರು ಬೆರೆಸಿ ತೆಳು ಮಾಡುವ ಸಾಹಸವೂ ಬೇಡ. ಅಳತೆಯೂ ತಪ್ಪುತ್ತದೆ, ಕಣ್ಣಿಗೆ ಸೋಂಕೂ ತಗಲುತ್ತದೆ. ಹನಿ ಹಾಕಿದ ಮೇಲೆ ಮೂಗಿನ ಬದಿಯ ಕಣ್ಣಂಚನ್ನು ಒಂದು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗಿಳಿಯುವುದು ಕಡಿಮೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಬಾಟಲಿ ಅದರ ಕೈಗೆಟುಕುವಂತಿರಬಾರದು.

ಉಳಿದ ಆಯ್ಕೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಂಚಿನಲ್ಲಿ ನೂರಾರು ಸಣ್ಣ ಮಸೂರಗಳಿರುವ ವಿಶೇಷ ಗಾಜುಗಳು ಹಾಂಗ್‌ಕಾಂಗ್‌ನ ಎರಡು ವರ್ಷದ ಅಧ್ಯಯನದಲ್ಲಿ ಏರಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿವೆ. ಹನಿ ಒಗ್ಗದ ಮಗುವಿಗೆ, ಸಾಮಾನ್ಯ ಗಾಜಿನ ಹಲವು ಪಟ್ಟು ಬೆಲೆ ಕೊಡಬಲ್ಲ ಮನೆಗೆ ಅದು ಒಳ್ಳೆಯ ದಾರಿ. ಆದರೆ ಪವರ್ ಬದಲಾದಾಗ, ಗಾಜು ಒಡೆದಾಗ ಆ ಬೆಲೆಯನ್ನು ಮತ್ತೆ ಕೊಡಬೇಕು. ಬೇಕೆಂದೇ ಕಡಿಮೆ ಪವರಿನ ಕನ್ನಡಕ ಹಾಕಿಸುವುದರಿಂದ ಲಾಭವಿಲ್ಲ, ಏರಿಕೆ ಹೆಚ್ಚಾದ ಉದಾಹರಣೆಯೂ ಇದೆ.

ಒಂದು ಮನೆಯ ಲೆಕ್ಕ

ತುಮಕೂರಿನ ಕಡೆಯ ಒಂದು ಮನೆಯವರು, ಎಂಟು ವರ್ಷದ ಅಕ್ಕ ಮತ್ತು ಆರು ವರ್ಷದ ತಮ್ಮನನ್ನು ಕರೆದುಕೊಂಡು ಬಂದರು (ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ). ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದ ಅಕ್ಕನ ಪವರ್ ಒಂದು ವರ್ಷದಲ್ಲಿ ಮೈನಸ್ 1.25ರಿಂದ ಮೈನಸ್ 2.00ಕ್ಕೆ ಏರಿತ್ತು, ಗುಡ್ಡೆಯ ಉದ್ದ 24.08 ಮಿಲಿಮೀಟರ್. ತಾಯಿಗೂ ಮೈನಸ್ ಐದು. ತಮ್ಮನ ಪವರ್ ಪ್ಲಸ್ 0.50 ಇತ್ತು. ‘ಇವನಿಗೇನೂ ಇಲ್ಲವಲ್ಲ?’ ಎಂದು ತಂದೆ ನಿಟ್ಟುಸಿರುಬಿಟ್ಟರು. ಇಲ್ಲ ನಿಜ, ಆದರೆ ಆರು ವರ್ಷಕ್ಕೆ ಪ್ಲಸ್ ಮುಕ್ಕಾಲಾದರೂ ಉಳಿದಿರಬೇಕು. ಅದಕ್ಕಿಂತ ಕೆಳಗಿಳಿದ ಮಗುವಿಗೆ ಮುಂದೆ ಮೈನಸ್ ಬರುವ ಸಂಭವ ಹೆಚ್ಚು.

ಅಕ್ಕನಿಗೆ ಇದೇ ವೇಗ ಮುಂದುವರಿದರೆ ವರ್ಷಕ್ಕೆ ಮುಕ್ಕಾಲು ಡಯಾಪ್ಟರ್. ಹಾಂಗ್‌ಕಾಂಗ್‌ನ ಪ್ರಮಾಣವನ್ನು ಇದಕ್ಕೆ ಹಚ್ಚಿದರೆ, 0.01%ರಿಂದ ಅದು ಸುಮಾರು 0.55ಕ್ಕೆ, 0.025%ರಿಂದ 0.43ಕ್ಕೆ, 0.05%ರಿಂದ 0.25ಕ್ಕೆ ಇಳಿಯಬಹುದು. ಇವು ಗುಂಪಿನ ಸರಾಸರಿಗಳು. ಒಂದು ಮಗು ಅದರ ಆಚೆಗೋ ಈಚೆಗೋ ಇರುತ್ತದೆ. ಹುಡುಗಿ ಬಯಲಿನಲ್ಲಿ ಖೊ ಖೊ ಆಡುವವಳು, ಬೆಳಕು ಚುಚ್ಚಿದರೆ ಆಟ ಬಿಟ್ಟಾಳು ಎಂಬ ಅಂಜಿಕೆ ತಾಯಿಗಿತ್ತು. ಅದನ್ನೂ ವಯಸ್ಸನ್ನೂ ನೋಡಿ ವೈದ್ಯರು 0.025% ಬರೆದರು. ಇವಳ ವೇಗ ವರ್ಷಕ್ಕೆ ಕಾಲು ಡಯಾಪ್ಟರ್ ಇದ್ದಿದ್ದರೆ, ಸಾಮಾನ್ಯ ಕನ್ನಡಕ ಕೊಟ್ಟು ಆರು ತಿಂಗಳು ಕಾದು ನೋಡೋಣ ಎಂದು ಅವರೇ ಹೇಳುತ್ತಿದ್ದರು. ಮಗುವಿಗೆ ಹನ್ನೆರಡು ದಾಟಿದ್ದರೆ 0.01%ರಿಂದ ಶುರುಮಾಡುವುದೂ ಸರಿಯೇ.

ತಮ್ಮನ ಮಾತು ಬೇರೆ. ಸಮೀಪದೃಷ್ಟಿ ಬರುವ ಮುಂಚೆಯೇ ಹನಿ ಹಾಕಿದ ಹಾಂಗ್‌ಕಾಂಗ್‌ನ ಇನ್ನೊಂದು ಅಧ್ಯಯನ 2023ರಲ್ಲಿ ಬಂತು: ಎರಡು ವರ್ಷದಲ್ಲಿ ಬರಿಯ ಹನಿಯ ಗುಂಪಿನ ಶೇಕಡಾ 53 ಮಕ್ಕಳಿಗೆ ಮೈನಸ್ ಬಂದರೆ, 0.05% ಹಾಕಿದವರಲ್ಲಿ ಶೇಕಡಾ 28.4 ಮಕ್ಕಳಿಗೆ ಬಂತು, 0.01% ಹಾಕಿದವರಿಗೆ ಹೇಳಿಕೊಳ್ಳುವಷ್ಟು ಲಾಭವಾಗಲಿಲ್ಲ. ಫಲ ದೊಡ್ಡದೇ. ಆದರೂ ಕಣ್ಣು ಚೆನ್ನಾಗಿ ಕಾಣುವ ಆರರ ಹುಡುಗನಿಗೆ ವರ್ಷಾನುಗಟ್ಟಲೆ ದಿನಾ ಔಷಧಿ ಶುರುಮಾಡುವ ಮುಂಚೆ, ಹಣವೂ ಬೇಡದ, ಅವನ ಹಂತಕ್ಕೇ ಹೇಳಿಮಾಡಿಸಿದ ಬೆಳಕನ್ನು ಪೂರ್ತಿ ಪ್ರಯತ್ನಿಸಬೇಕೆಂಬುದು ನನ್ನ ಅಭಿಪ್ರಾಯ, ವೈದ್ಯರದೂ.

ಆಗ ಹಾಳೆ ತೆಗೆದುಕೊಂಡು ಕೂತೆವು. ಶಾಲೆ ಬಿಡುವುದು ಮೂರೂವರೆಗೆ, ಐದಕ್ಕೆ ಟ್ಯೂಷನ್. ಟ್ಯೂಷನ್ನನ್ನು ಆರೂವರೆಗೆ ಸರಿಸಿದರೆ 4.45ರಿಂದ 6ರವರೆಗೆ ಮೈದಾನ ಸಿಗುತ್ತದೆ: ವಾರದ ಐದು ದಿನಕ್ಕೆ 375 ನಿಮಿಷ. ಶನಿವಾರ ಎರಡು ಗಂಟೆ, ಭಾನುವಾರ ಅಜ್ಜಿಯ ತೋಟದಲ್ಲಿ ಮೂರು ಗಂಟೆ. ಒಟ್ಟು 675 ನಿಮಿಷ, ಎಂದರೆ ಹನ್ನೊಂದು ಗಂಟೆ ಹದಿನೈದು ನಿಮಿಷ. ‘ಪರೀಕ್ಷೆಯ ತಿಂಗಳು?’ ಎಂದು ತಂದೆ ಕೇಳಿದರು. ಆ ತಿಂಗಳು ಪುಸ್ತಕವನ್ನು ಜಗುಲಿಯಲ್ಲಿ ಕೂತು ಓದಲಿ, ಮನೆಯೊಳಗಿಗಿಂತ ಅಲ್ಲಿ ಬೆಳಕು ಹೆಚ್ಚು, ಅಷ್ಟಾದರೂ ಇರಲಿ ಎಂದೆ. ಇದು ಮೈದಾನಕ್ಕೆ ಸಮವಲ್ಲವೆಂದೂ ಹೇಳಿದೆ.

ಆರು ತಿಂಗಳಿಗೆ ಬಂದಾಗ ಅಕ್ಕನ ಗುಡ್ಡೆ 24.19 ಮಿಲಿಮೀಟರ್, ಪವರ್ ಮೈನಸ್ 2.25. ಉದ್ದದಲ್ಲಿ 0.11 ಏರಿಕೆ, ಪವರಿನಲ್ಲಿ ಅಳತೆಯ ದೋಷದಷ್ಟೇ ವ್ಯತ್ಯಾಸ. ಮುಂಚಿನ ವೇಗಕ್ಕಿಂತ ನಿಧಾನವೆಂದು ತೋರುತ್ತದೆ, ಆದರೆ ಮಾತು ಕೊಡಲು ಪೂರ್ತಿ ವರ್ಷದ ಅಳತೆ ಬೇಕು. ವರ್ಷದಲ್ಲಿ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಏರಿದರೆ ಮೊದಲು ಹನಿ ದಿನಾ ಬಿದ್ದಿದೆಯೇ ಎಂದು ವಿಚಾರಿಸುವುದು, ಬಿದ್ದಿದ್ದರೆ 0.05%ಗೆ ಏರಿಸುವುದು ಎಂದು ಚೀಟಿಯಲ್ಲೇ ಬರೆದಿದೆ. ಚೆನ್ನಾಗಿ ಹಿಡಿದು ನಿಂತರೂ ಎರಡು ವರ್ಷದ ಮುಂಚೆ ನಿಲ್ಲಿಸುವಂತಿಲ್ಲ. ಚಿಕ್ಕ ವಯಸ್ಸಿನಲ್ಲಿ ನಿಲ್ಲಿಸಿದಷ್ಟೂ ಜಿಗಿತ ಹೆಚ್ಚು, ಆದ್ದರಿಂದ ನಿಲ್ಲಿಸಿದ ಮೇಲೂ ಅಳತೆ ತಪ್ಪಿಸಬಾರದು. ತಮ್ಮನದು ಪ್ಲಸ್ 0.50ರಲ್ಲೇ ಇದೆ. ಅವನ ಟ್ಯೂಷನ್ ಈಗಲೂ ಆರೂವರೆಗೆ. ಅಕ್ಕನದು ಒಂದು ತಿಂಗಳಿನಿಂದ ಮತ್ತೆ ಐದಕ್ಕೆ ಬಂದಿದೆಯಂತೆ, ಅದನ್ನು ಸರಿಸಲು ತಾಯಿ ಇನ್ನೊಮ್ಮೆ ಮಾತನಾಡುತ್ತೇನೆ ಎಂದಿದ್ದಾರೆ.